ಏರಿದ ಬೆಲೆಗೇ ಕೊಳ್ಳಬೇಕಾದವರು

1999ರ ನವೆಂಬರ್ 30ರ ಸಂಜೆ, ಅಮೆರಿಕದ ಷೇರುಪೇಟೆ ಆ ದಿನದ ವಹಿವಾಟು ಮುಗಿಸಿದ ಮೇಲೆ, ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಸಂಸ್ಥೆ ಒಂದು ಪುಟ್ಟ ಪ್ರಕಟಣೆ ಹೊರಡಿಸಿತು. ತನ್ನ 500 ಕಂಪನಿಗಳ ಸೂಚ್ಯಂಕಕ್ಕೆ ಯಾಹೂ ಡಿಸೆಂಬರ್ 8ರಿಂದ ಸೇರಲಿದೆ ಎಂಬುದಷ್ಟೇ ಅದರ ಸಾರ. ಯಾಹೂ ಹೊಸ ಲಾಭ ಗಳಿಸಿರಲಿಲ್ಲ, ಹೊಸ ಗುತ್ತಿಗೆಯನ್ನೂ ಹಿಡಿದಿರಲಿಲ್ಲ. ಆದರೂ ಮರುದಿನ ಬೆಳಗ್ಗೆ ಅದರ ಷೇರು ಸುಮಾರು ಒಂಬತ್ತು ಡಾಲರ್ ಏರಿ 115 ಡಾಲರಿಗೆ ತೆರೆದುಕೊಂಡಿತು. ಡಿಸೆಂಬರ್ 7ರ ಸಂಜೆ ಬೆಲೆ 174 ಡಾಲರ್. ಐದೇ ದಿನಗಳ ವಹಿವಾಟಿನಲ್ಲಿ ಶೇ 64ರಷ್ಟು ಏರಿಕೆ. (ಮುಂದೆ ಆದ ಷೇರು ವಿಭಜನೆಗೆ ಹೊಂದಿಸಿ ಹೇಳಿದ ಬೆಲೆಗಳಿವು.) ಆ ಕೊನೆಯ ದಿನ ಒಂದರಲ್ಲೇ 13 ಕೋಟಿಗೂ ಹೆಚ್ಚು ಷೇರುಗಳು ಕೈ ಬದಲಾಯಿಸಿದವು.

ಕಂಪನಿಯೊಳಗೆ ಏನೂ ಬದಲಾಗದೆ ಅದರ ಬೆಲೆ ಹೀಗೇಕೆ ಬದಲಾಗಬೇಕು? ಅರ್ಥಶಾಸ್ತ್ರದ ಪಠ್ಯಪುಸ್ತಕಗಳ ಪ್ರಕಾರ ಬದಲಾಗಬಾರದು. ಮಾರುಕಟ್ಟೆಯಲ್ಲಿ ಒಬ್ಬ ಮಾವಿನಹಣ್ಣಿನವನು ಸುಮ್ಮನೆ ಬೆಲೆ ಏರಿಸಿದರೆ ಗಿರಾಕಿ ಪಕ್ಕದ ಬುಟ್ಟಿಗೆ ಹೋಗುತ್ತಾನೆ. ಷೇರೂ ಹಾಗೆಯೇ: ಒಂದು ಕಂಪನಿಯದು ದುಬಾರಿಯಾದರೆ ಜನ ಅದನ್ನು ಮಾರಿ ಅಂಥದ್ದೇ ಇನ್ನೊಂದನ್ನು ಕೊಳ್ಳುತ್ತಾರೆ, ಬೆಲೆ ತನ್ನ ಜಾಗಕ್ಕೆ ಮರಳುತ್ತದೆ ಎಂಬುದು ನಂಬಿಕೆಯಾಗಿತ್ತು. ಎಷ್ಟು ಕೊಳ್ಳುತ್ತಾರೆ ಎಂಬುದಲ್ಲ, ಕಂಪನಿಯ ಬಗ್ಗೆ ಹೊಸದಾಗಿ ಏನು ತಿಳಿಯಿತು ಎಂಬುದೇ ಬೆಲೆಯನ್ನು ಅಲುಗಿಸಬೇಕು.

ಈ ನಂಬಿಕೆಯನ್ನು ಪರೀಕ್ಷಿಸುವ ಅವಕಾಶ 1976ರಲ್ಲಿ ಸಿಕ್ಕಿತು. ಆ ವರ್ಷದ ಆಗಸ್ಟ್‌ನಲ್ಲಿ ಜಾನ್ ಬೋಗಲ್ ಅವರ ವ್ಯಾನ್‌ಗಾರ್ಡ್ ಸಂಸ್ಥೆ ಜನಸಾಮಾನ್ಯರಿಗಾಗಿ ಮೊದಲ ಇಂಡೆಕ್ಸ್ ಫಂಡ್ ತೆರೆಯಿತು. 15 ಕೋಟಿ ಡಾಲರ್ ನಿರೀಕ್ಷಿಸಿದ್ದಲ್ಲಿ ಬಂದದ್ದು 1.13 ಕೋಟಿ ಮಾತ್ರ, ಪೇಟೆಯವರು ನಕ್ಕರು. ಮುಂದಿನ ತಿಂಗಳಿನಿಂದ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಸೂಚ್ಯಂಕದ ಬದಲಾವಣೆಗಳನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸತೊಡಗಿತು. ಆಂಡ್ರೇ ಶ್ಲೈಫರ್ ಎಂಬ ಅರ್ಥಶಾಸ್ತ್ರಜ್ಞ ಆ ಪ್ರಕಟಣೆಗಳನ್ನು ಒಂದೊಂದಾಗಿ ಲೆಕ್ಕಹಾಕಿ 1986ರಲ್ಲಿ ಬರೆದ ಲೇಖನದ ಪ್ರಕಾರ, ಸೂಚ್ಯಂಕಕ್ಕೆ ಸೇರಿದ ಷೇರು ಪ್ರಕಟಣೆಯೊಡನೆ ಸರಾಸರಿ ಶೇ 3ರ ಹತ್ತಿರ ಏರುತ್ತಿತ್ತು. ಇಂಡೆಕ್ಸ್ ಫಂಡುಗಳ ಖರೀದಿ ಹೆಚ್ಚಿದಂತೆ ಏರಿಕೆಯೂ ಹೆಚ್ಚುತ್ತಿತ್ತು. ಅದೇ ವರ್ಷ ಲಾರೆನ್ಸ್ ಹ್ಯಾರಿಸ್ ಮತ್ತು ಐಟಾನ್ ಗುರೆಲ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರಿಕೆಯನ್ನು ಕಂಡರು. ಆದರೆ ಅದು ಎರಡು ವಾರದಲ್ಲಿ ಬಹುಮಟ್ಟಿಗೆ ಕರಗುತ್ತದೆ ಎಂದರು. ಏರಿದ್ದು ನಿಲ್ಲುತ್ತದೆಯೋ ಇಳಿಯುತ್ತದೆಯೋ ಎಂಬ ಜಗಳ ಪೂರ್ತಿ ತೀರಲಿಲ್ಲ. ಕೊಳ್ಳುವವರ ನೂಕುನುಗ್ಗಲು ಬೆಲೆಯನ್ನು ಅಲುಗಿಸುತ್ತದೆ ಎಂಬುದಂತೂ ಖಚಿತವಾಯಿತು.

ಕಾರಣ ತಿಳಿಯಬೇಕಾದರೆ ಫಂಡ್ ಮ್ಯಾನೇಜರನ ಕುರ್ಚಿಯಲ್ಲಿ ಕೂತು ನೋಡಬೇಕು. ಸೂಚ್ಯಂಕ ಎಷ್ಟು ಏರಿಳಿಯುತ್ತದೋ ಅಷ್ಟೇ ಏರಿಳಿಯಬೇಕು ಎಂಬುದೊಂದೇ ಅವನಿಗೆ ವಹಿಸಿದ ಕೆಲಸ. ಡಿಸೆಂಬರ್ 7ರ ಸಂಜೆಯ ಮುಕ್ತಾಯದ ಬೆಲೆಗೆ ಯಾಹೂ ಸೂಚ್ಯಂಕದೊಳಗೆ ಬರುತ್ತದೆ. ಅವನು ಡಿಸೆಂಬರ್ 1ರಂದೇ 115 ಡಾಲರಿಗೆ ಕೊಂಡು, ಬೆಲೆ 100ಕ್ಕೆ ಇಳಿದರೆ ಫಂಡು ಸೂಚ್ಯಂಕಕ್ಕಿಂತ ಹಿಂದೆ ಬೀಳುತ್ತದೆ, ಮೇಲಿನವರು ಕೇಳುತ್ತಾರೆ. ಕೊನೆಯ ದಿನದ ಕೊನೆಯ ಗಳಿಗೆಯಲ್ಲಿ 174ಕ್ಕೆ ಕೊಂಡರೆ ಯಾರೂ ಕೇಳುವುದಿಲ್ಲ. ಏಕೆಂದರೆ ಸೂಚ್ಯಂಕವೂ ಅದನ್ನು 174ಕ್ಕೇ ಒಳಗೆ ತೆಗೆದುಕೊಂಡಿದೆ. ನಾಳೆ ಬೆಲೆ ಕುಸಿದರೆ ಎರಡೂ ಒಟ್ಟಿಗೆ ಕುಸಿಯುತ್ತವೆ, ವ್ಯತ್ಯಾಸ ಸೊನ್ನೆ. ದುಬಾರಿಗೆ ಕೊಂಡ ನಷ್ಟ ಯಾವ ವರದಿಯಲ್ಲೂ ಕಾಣುವುದಿಲ್ಲ, ಏಕೆಂದರೆ ಅಳೆಯುವ ಕೋಲೇ ಆ ನಷ್ಟವನ್ನು ನುಂಗಿರುತ್ತದೆ. ಹಣ ಮಾತ್ರ ನಿವೃತ್ತಿಗೆಂದು ಕೂಡಿಟ್ಟ ಜನರದು.

ಯಾಹೂ ವಿಷಯದಲ್ಲಿ ಇನ್ನೆರಡು ಸಂಗತಿ ಸೇರಿಕೊಂಡವು. ಮೊದಲನೆಯದು ದಿನಾಂಕದ್ದು. 1989ರ ಅಕ್ಟೋಬರ್‌ವರೆಗೆ ಸಂಜೆ ಪ್ರಕಟಿಸಿದ ಬದಲಾವಣೆ ಮರುಬೆಳಗ್ಗೆಯೇ ಜಾರಿಗೆ ಬರುತ್ತಿತ್ತು. ನೂಕುನುಗ್ಗಲು ತಗ್ಗಲೆಂದು ಅಂದಿನಿಂದ ಕೆಲವು ದಿನ ಮುಂಚೆ ಹೇಳತೊಡಗಿದರು. ಉದ್ದೇಶ ಒಳ್ಳೆಯದೇ. ಆದರೆ ಇಂಥ ದಿನ, ಇಷ್ಟು ಷೇರನ್ನು, ಎಷ್ಟೇ ಬೆಲೆಯಾದರೂ ಕೊಳ್ಳಲೇಬೇಕಾದ ಗಿರಾಕಿ ಬರುತ್ತಾನೆ ಎಂದು ಮೊದಲೇ ಸಾರಿದರೆ ದಲ್ಲಾಳಿಗಳು ಸುಮ್ಮನಿರುವರೇ? ಅವರು ಮುಂದಾಗಿ ಕೊಂಡು ಕೊನೆಯ ದಿನ ಫಂಡುಗಳಿಗೆ ಮಾರಿದರು. ಎರಡನೆಯದು ಲೆಕ್ಕದ ರೀತಿ. ಆಗ ಆ ಸೂಚ್ಯಂಕ ಕಂಪನಿಯ ಒಟ್ಟು ಷೇರುಗಳನ್ನು ಎಣಿಸಿ ತೂಕ ಕೊಡುತ್ತಿತ್ತು. ಯಾಹೂವಿನ ದೊಡ್ಡ ಪಾಲು ಸ್ಥಾಪಕರ ಮತ್ತು ಜಪಾನಿನ ಸಾಫ್ಟ್‌ಬ್ಯಾಂಕ್‌ನ ಕೈಯಲ್ಲಿತ್ತು, ಅದು ಮಾರಾಟಕ್ಕಿರಲಿಲ್ಲ. ಇಡೀ ಮರಕ್ಕೆ ತಕ್ಕಷ್ಟು ಹಣ್ಣು ಬೇಕೆಂದು ಬಂದವರಿಗೆ ಸಿಕ್ಕಿದ್ದು ಒಂದೆರಡು ಕೊಂಬೆ. ಈ ರೀತಿಯನ್ನು ಅವರು ಬಿಟ್ಟದ್ದು 2005ರಲ್ಲಿ. ನಮ್ಮ ಸೆನ್ಸೆಕ್ಸ್ ಅದಕ್ಕೂ ಮೊದಲೇ, 2003ರ ಸೆಪ್ಟೆಂಬರ್‌ನಿಂದ, ಪೇಟೆಯಲ್ಲಿ ಓಡಾಡುವ ಷೇರುಗಳನ್ನಷ್ಟೇ ಎಣಿಸುತ್ತಿದೆ.

2001ರ ಸೆಪ್ಟೆಂಬರಿನಲ್ಲಿ ಯಾಹೂ ಷೇರು ಹತ್ತು ಡಾಲರಿಗಿಂತ ಕೆಳಗಿತ್ತು. ಅದು ಇಂಟರ್ನೆಟ್ ಗುಳ್ಳೆ ಒಡೆದ ಫಲ, ಸೂಚ್ಯಂಕದ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ 174ಕ್ಕೆ ಕೊಂಡವರಲ್ಲಿ, ಆ ಬೆಲೆ ಸರಿಯೇ ಎಂದು ಕೇಳುವ ಅಧಿಕಾರವೇ ಇಲ್ಲದ ಫಂಡುಗಳಿದ್ದವು.

ಆಮೇಲೆ ಏರಿಕೆ ತಾನಾಗಿ ಸಣ್ಣದಾಯಿತು. ರಾಬಿನ್ ಗ್ರೀನ್‌ವುಡ್ ಮತ್ತು ಮಾರ್ಕೋ ಸ್ಯಾಮನ್ ಅವರ ಲೆಕ್ಕದಂತೆ 1990ರ ದಶಕದಲ್ಲಿ ಸರಾಸರಿ ಶೇ 7ಕ್ಕೂ ಹೆಚ್ಚಿದ್ದದ್ದು 2010ರ ದಶಕದಲ್ಲಿ ಶೇ 1ಕ್ಕೂ ಕಡಿಮೆ. ಫಂಡುಗಳ ಗಾತ್ರ ಅನೇಕ ಪಟ್ಟು ಬೆಳೆದ ಕಾಲದಲ್ಲಿ ಹೀಗಾದದ್ದು ವಿಚಿತ್ರ. ಯಾವ ಕಂಪನಿ ಸೇರೀತೆಂದು ಊಹಿಸಿ ಮೊದಲೇ ಕೊಂಡಿಡುವವರು ಹೆಚ್ಚಿದ್ದು, ಅದೇ ಸಂಸ್ಥೆಯ ಮಧ್ಯಮ ಗಾತ್ರದ ಕಂಪನಿಗಳ ಸೂಚ್ಯಂಕದಿಂದ ಬಡ್ತಿ ಪಡೆದ ಷೇರನ್ನು ಅಲ್ಲಿನ ಫಂಡುಗಳು ಮಾರುವುದು, ಇವು ಕೆಲವು ಕಾರಣಗಳು. ಆದರೂ ಸರಾಸರಿ ಎಂಬುದು ಸರಾಸರಿಯೇ. 2020ರ ಡಿಸೆಂಬರ್‌ನಲ್ಲಿ ಟೆಸ್ಲಾ ಸೇರುವ ಹೊತ್ತಿಗೆ, ಪ್ರಕಟಣೆಯಿಂದ ಆಚೆಗೆ ಅದರ ಬೆಲೆ ಸುಮಾರು ಶೇ 70 ಏರಿತ್ತು.

ಮಾರುವ ಕಡ್ಡಾಯ ಕೊಳ್ಳುವ ಕಡ್ಡಾಯಕ್ಕಿಂತ ಬಿಗಿ ಎಂಬುದನ್ನು ಭಾರತ ಕಂಡದ್ದು 2023ರಲ್ಲಿ. ರಿಲಯನ್ಸ್‌ನಿಂದ ಬೇರ್ಪಟ್ಟ ಜಿಯೋ ಫೈನಾನ್ಷಿಯಲ್ ಸರ್ವಿಸಸ್‌ನ ಷೇರು, ರಿಲಯನ್ಸ್ ಷೇರಿದ್ದ ಎಲ್ಲರಿಗೂ ಒಂದಕ್ಕೊಂದರಂತೆ ಬಂತು. ಹೀಗೆ ನಮ್ಮ ಇಂಡೆಕ್ಸ್ ಫಂಡುಗಳಿಗೂ, ಅಂಥವುಗಳಲ್ಲಿ 2015ರಿಂದ ಹಣ ಹಾಕುತ್ತಿರುವ ಭವಿಷ್ಯನಿಧಿಗೂ ಅದು ತಲುಪಿತು. ಸೆನ್ಸೆಕ್ಸ್‌ನಲ್ಲಿ ಆಗ ತಾತ್ಕಾಲಿಕವಾಗಿ 31 ಕಂಪನಿಗಳು. ಪೇಟೆಗೆ ಬಂದ ಕೆಲವೇ ದಿನಗಳಲ್ಲಿ ಅದನ್ನು ಸೂಚ್ಯಂಕದಿಂದ ತೆಗೆಯುತ್ತಾರೆ, ಫಂಡುಗಳು ಮಾರಲೇಬೇಕು ಎಂದು ಎಲ್ಲರಿಗೂ ಗೊತ್ತಿತ್ತು. ಆಗಸ್ಟ್ 21ರಂದು ಮುಂಬೈ ಷೇರುಪೇಟೆಯಲ್ಲಿ 265 ರೂಪಾಯಿಗೆ ತೆರೆದ ಷೇರು ಅಂದೇ ಶೇ 5ರ ಕೆಳಮಿತಿ ಮುಟ್ಟಿ 251.75ಕ್ಕೆ ನಿಂತಿತು. ಮರುದಿನವೂ ಹಾಗೆಯೇ.

ಕೆಳಮಿತಿಯಲ್ಲಿ ನಿಂತ ಷೇರಿಗೆ ಮಾರುವವರ ಸಾಲು ಮಾತ್ರ ಇರುತ್ತದೆ, ಕೊಳ್ಳುವವರು ಇನ್ನೂ ಇಳಿಯಲಿ ಎಂದು ಕಾಯುತ್ತಾರೆ. ಫಂಡು ಮಾರಲಾಗದೆ ಉಳಿದರೆ, ಸೂಚ್ಯಂಕದಲ್ಲಿ ಇಲ್ಲದ ಷೇರು ಅದರ ಕೈಯಲ್ಲಿರುತ್ತದೆ. ಆಗ ನಷ್ಟ ಮೊದಲ ಬಾರಿಗೆ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಹಾಗಾಗದಂತೆ ನಿಯಮವೊಂದಿತ್ತು: ಷೇರು ಮಿತಿ ಮುಟ್ಟುತ್ತಿದ್ದರೆ ತೆಗೆಯುವ ದಿನ ಮುಂದಕ್ಕೆ. ಆಗಸ್ಟ್ 24 ಎಂದಿದ್ದದ್ದು 29 ಆಯಿತು, ಅದೂ ಜಾರಿತು. ಸೆಪ್ಟೆಂಬರ್ 1ರಂದು ಸೆನ್ಸೆಕ್ಸ್ ಮತ್ತೆ 30 ಕಂಪನಿಗಳದಾಯಿತು. ಅಷ್ಟರಲ್ಲಿ ಆದ ಇಳಿಕೆಯನ್ನು ಸೂಚ್ಯಂಕವೂ ಫಂಡುಗಳೂ ಒಟ್ಟಿಗೇ ಹೊತ್ತಿದ್ದರಿಂದ, ವರದಿಯಲ್ಲಿ ವ್ಯತ್ಯಾಸ ಮತ್ತೆ ಕಾಣಲಿಲ್ಲ.

2025ರ ಮಾರ್ಚ್ ಕೊನೆಯಲ್ಲಿ ಅದೇ ಜಿಯೋ ಫೈನಾನ್ಷಿಯಲ್ ನಿಫ್ಟಿ 50ಕ್ಕೆ ಸೇರಿತು. ಬಿಪಿಸಿಎಲ್ ಮತ್ತು ಬ್ರಿಟಾನಿಯಾ ಹೊರಗೆ, ಜೊಮ್ಯಾಟೊ ಮತ್ತು ಜಿಯೋ ಒಳಗೆ. ಹಿಂದೆ ಅದನ್ನು ಮಾರಿದ್ದ ನಿಫ್ಟಿ ಫಂಡುಗಳು ಈ ಸಲ ಅದನ್ನೇ ಕೊಳ್ಳಬೇಕಾಯಿತು, ಆ ದಿನದ ಮುಕ್ತಾಯದ ಬೆಲೆ ಎಷ್ಟಿತ್ತೋ ಅಷ್ಟಕ್ಕೆ.