ಐದು ಚರಗಳ ಕೆ-ಮ್ಯಾಪ್: ಕನ್ನಡಿ ಅರ್ಧಗಳಲ್ಲಿ ಗುಂಪು ಮಾಡುವ ಕ್ರಮ

ಐದು ಚರಗಳ ಕೆ-ಮ್ಯಾಪ್ ಎಂದರೆ ಐದು ಒಳಹರಿವುಗಳಿರುವ ತರ್ಕ ಮಂಡಲದ ಬೂಲಿಯನ್ ಸಮೀಕರಣವನ್ನು ಕಿರಿದುಗೊಳಿಸಲು ಬಳಸುವ 32 ಮನೆಗಳ ನಕ್ಷೆ. ಬೆಲ್ ಲ್ಯಾಬ್ಸ್‌ನ ಮಾರಿಸ್ ಕಾರ್ನೋ 1953ರಲ್ಲಿ ಪ್ರಕಟಿಸಿದ ಈ ವಿಧಾನಕ್ಕೆ ಎಡ್ವರ್ಡ್ ವೀಚ್ 1952ರಲ್ಲಿ ರೂಪಿಸಿದ್ದ ಕೋಷ್ಟಕವೇ ಆಧಾರ. ನಾಲ್ಕು ಚರಗಳ ನಕ್ಷೆಯಲ್ಲಿ ಪ್ರತಿ ಮನೆಗೂ ನಾಲ್ಕು ನೆರೆಮನೆಗಳು. ಅವು ಪಕ್ಕದಲ್ಲಿರುತ್ತವೆ, ಇಲ್ಲವೇ ಅದೇ ಸಾಲಿನ ಅಥವಾ ಕಂಬದ ಎದುರು ತುದಿಯಲ್ಲಿರುತ್ತವೆ. ಐದನೆಯ ಚರ ಸೇರಿದಾಗ ಪ್ರತಿ ಮನೆಗೂ ಐದನೆಯ ನೆರೆಮನೆ ಬೇಕಾಗುತ್ತದೆ. ಕಾಗದದ ಮೇಲೆ ಅದು ಸಾಮಾನ್ಯವಾಗಿ ದೂರದಲ್ಲಿರುವುದರಿಂದ ಹೆಚ್ಚಿನ ತಪ್ಪುಗಳು ಇಲ್ಲಿಯೇ ಆಗುತ್ತವೆ.

ನಕ್ಷೆಯ ರಚನೆ

A, B, C ಚರಗಳನ್ನು ಕಂಬಗಳಿಗೂ D, E ಚರಗಳನ್ನು ಸಾಲುಗಳಿಗೂ ಕೊಟ್ಟು, ಎರಡನ್ನೂ ಗ್ರೇ ಕೋಡ್ ಕ್ರಮದಲ್ಲಿ ಬರೆಯಲಾಗುತ್ತದೆ. A ಅತಿ ಹೆಚ್ಚು ಬೆಲೆಯ ಬಿಟ್, E ಅತಿ ಕಡಿಮೆ ಬೆಲೆಯದು ಎಂದಿಟ್ಟುಕೊಂಡರೆ ಮನೆಗಳ ಸಂಖ್ಯೆಗಳು ಹೀಗಿರುತ್ತವೆ:

```
DE\ABC 000 001 011 010 | 110 111 101 100
00       0   4  12   8 |  24  28  20  16
01       1   5  13   9 |  25  29  21  17
11       3   7  15  11 |  27  31  23  19
10       2   6  14  10 |  26  30  22  18
```

ನಡುಗೆರೆಯ ಎಡಕ್ಕೆ A=0, ಬಲಕ್ಕೆ A=1. ಬಲಭಾಗದಲ್ಲಿ B, C ಬೆಲೆಗಳು ಎಡಭಾಗದ ಕ್ರಮವನ್ನೇ ತಿರುವುಮುರುವಾಗಿ ಅನುಸರಿಸುತ್ತವೆ. ಆದ್ದರಿಂದ ಎಂಟು ಕಂಬಗಳಲ್ಲಿ ಒಂದನೆಯದಕ್ಕೆ ಎಂಟನೆಯದು, ಎರಡನೆಯದಕ್ಕೆ ಏಳನೆಯದು, ಮೂರನೆಯದಕ್ಕೆ ಆರನೆಯದು, ನಾಲ್ಕನೆಯದಕ್ಕೆ ಐದನೆಯದು ಜೋಡಿ. ನಡುಗೆರೆಯ ಮೇಲೆ ಕಾಗದವನ್ನು ಮಡಚಿದರೆ ಒಂದರ ಮೇಲೊಂದು ಕೂರುವ ಮನೆಗಳೇ ಕನ್ನಡಿ ನೆರೆಮನೆಗಳು. ಅವುಗಳ ನಡುವೆ A ಮಾತ್ರ ಬದಲಾಗುವುದರಿಂದ ಸಂಖ್ಯೆಗಳ ವ್ಯತ್ಯಾಸ ಯಾವಾಗಲೂ 16.

ಪ್ರತಿ ಅರ್ಧವೂ ತನ್ನಷ್ಟಕ್ಕೆ ನಾಲ್ಕು ಚರಗಳ ಪೂರ್ಣ ನಕ್ಷೆ ಎಂಬುದನ್ನೂ ಮರೆಯಬಾರದು. ಮೊದಲ ಮತ್ತು ನಾಲ್ಕನೆಯ ಕಂಬಗಳು (000 ಮತ್ತು 010) ನೆರೆಯವು, ಐದನೆಯ ಮತ್ತು ಎಂಟನೆಯವೂ ನೆರೆಯವು. ಎಂಟು ಕಂಬಗಳ ನಕ್ಷೆಯಲ್ಲಿ ಈ ಕಂಬಗಳ ನಡುವೆ ಅಂತರ ಇರುವುದರಿಂದ ಈ ನಂಟು ಸುಲಭವಾಗಿ ಕಣ್ತಪ್ಪುತ್ತದೆ.

ಒಂದು ಉದಾಹರಣೆ

0, 2, 5, 7, 8, 10, 13, 16, 18, 21, 23, 24, 26, 29, 31 ಎಂಬ ಮನೆಗಳಲ್ಲಿ 1 ಇರುವ ಫಲನವನ್ನು ತೆಗೆದುಕೊಳ್ಳೋಣ.

```
DE\ABC 000 001 011 010 | 110 111 101 100
00       1   0   0   1 |   1   0   0   1
01       0   1   1   0 |   0   1   1   0
11       0   1   0   0 |   0   1   1   0
10       1   0   0   1 |   1   0   0   1
```

ಮೊದಲು ಎಡ ಅರ್ಧದ ನಾಲ್ಕು ಮೂಲೆಗಳನ್ನು ನೋಡಬೇಕು: 0, 2, 8, 10. ಇವು ಒಂದು ಗುಂಪು. ಇವುಗಳ ಕನ್ನಡಿ ಮನೆಗಳಾದ 16, 18, 24, 26ರಲ್ಲೂ 1 ಇದೆ. ಹಾಗಾಗಿ ಎಂಟೂ ಮನೆಗಳು ಒಂದೇ ಗುಂಪಾಗುತ್ತವೆ. ಇದರಲ್ಲಿ A, B, D ಬದಲಾಗುತ್ತವೆ, C ಮತ್ತು E ಎರಡೂ 0 ಆಗಿಯೇ ಉಳಿಯುತ್ತವೆ. ಪದ C'E'.

ಮುಂದೆ 7ನೆಯ ಮನೆ. ಅದಕ್ಕೆ 1 ಇರುವ ನೆರೆಮನೆಗಳು ಎರಡೇ: ಅದೇ ಕಂಬದ 5 ಮತ್ತು ಕನ್ನಡಿಯ 23. 5ರ ಕನ್ನಡಿ 21. ಈ ನಾಲ್ಕರಿಂದ B'CE ಬರುತ್ತದೆ. 13ನೆಯ ಮನೆಗೂ ಎರಡೇ ನೆರೆಮನೆಗಳು: 5 ಮತ್ತು ಕನ್ನಡಿಯ 29. ಇವುಗಳ ಜೊತೆಗೆ 21 ಸೇರಿದರೆ CD'E. ಕೊನೆಗೆ ಉಳಿಯುವುದು 31. ಅದರ ಕನ್ನಡಿಯಾದ 15ರಲ್ಲಿ 0 ಇರುವುದರಿಂದ ಗುಂಪು ನಡುಗೆರೆ ದಾಟುವಂತಿಲ್ಲ. ಬಲ ಅರ್ಧದೊಳಗೇ 21, 23, 29, 31 ಸೇರಿ ACE ಆಗುತ್ತದೆ.

```
F = C'E' + B'CE + CD'E + ACE
```

7, 13, 31ನೆಯ ಮನೆಗಳನ್ನು ಆವರಿಸಲು ಬೇರೆ ದೊಡ್ಡ ಗುಂಪುಗಳಿಲ್ಲ. ಮೂಲೆಗಳಿಗೂ C'E' ಒಂದೇ ದಾರಿ. ಹೀಗಾಗಿ ನಾಲ್ಕು ಪದಗಳೂ ಅನಿವಾರ್ಯ, ಉತ್ತರ ಒಂದೇ. 5 ಮತ್ತು 21 ಒಂದಕ್ಕಿಂತ ಹೆಚ್ಚು ಗುಂಪುಗಳಲ್ಲಿ ಬಂದಿರುವುದು ದೋಷವಲ್ಲ. ಒಂದೇ ಮನೆಯನ್ನು ಎಷ್ಟು ಸಲ ಬೇಕಾದರೂ ಬಳಸಬಹುದು.

ಸಾಮಾನ್ಯ ತಪ್ಪುಗಳು

ಮೊದಲನೆಯದು ಎರಡು ಅರ್ಧಗಳನ್ನು ಬೇರೆಬೇರೆಯಾಗಿ ಬಿಡಿಸುವುದು. ಮೇಲಿನ ಫಲನಕ್ಕೆ ಹಾಗೆ ಮಾಡಿದರೆ A'C'E' + AC'E' + A'B'CE + A'CD'E + ACE ಬರುತ್ತದೆ. ಉತ್ತರ ತಪ್ಪಲ್ಲ, ಆದರೆ ಕಿರಿದಲ್ಲ: 4 ಪದ, 11 ಅಕ್ಷರಗಳಲ್ಲಿ ಮುಗಿಯಬೇಕಾದದ್ದು 5 ಪದ, 17 ಅಕ್ಷರಗಳಿಗೆ ಬೆಳೆದಿದೆ. A ಮತ್ತು A' ಬಿಟ್ಟರೆ ಬೇರೆಲ್ಲ ಒಂದೇ ಆಗಿರುವ ಎರಡು ಪದಗಳು ಉತ್ತರದಲ್ಲಿ ಕಂಡರೆ ಕನ್ನಡಿ ನೋಡಿಲ್ಲ ಎಂದೇ ತಿಳಿಯಬೇಕು.

ಎರಡನೆಯದು ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಮಂಡಲವೇ ತಪ್ಪಾಗುತ್ತದೆ. ಐದು ಚರಗಳ ನಕ್ಷೆಯನ್ನು ಇನ್ನೊಂದು ಬಗೆಯಲ್ಲೂ ಬರೆಯುವುದುಂಟು. A=0 ಮತ್ತು A=1 ಎಂಬ ಎರಡು ನಾಲ್ಕು-ಚರ ನಕ್ಷೆಗಳನ್ನು ಅಕ್ಕಪಕ್ಕ ಇಟ್ಟು, ಎರಡಕ್ಕೂ ಒಂದೇ ಕಂಬಕ್ರಮ ಕೊಡಲಾಗುತ್ತದೆ. ಅಲ್ಲಿ ನೆರೆಮನೆ ಸಿಗುವುದು ಅದೇ ಸ್ಥಾನದಲ್ಲಿ, ಕನ್ನಡಿಯಲ್ಲಲ್ಲ. ಆ ನಿಯಮವನ್ನು ಕನ್ನಡಿ ನಕ್ಷೆಗೆ ತಂದರೆ ಎರಡನೆಯ ಕಂಬಕ್ಕೆ ಆರನೆಯದು ಜೋಡಿಯಾಗಿ 5, 7, 29, 31 ಒಂದು ಗುಂಪಿನಂತೆ ಕಾಣುತ್ತವೆ. ಬದಲಾಗುವ ಚರಗಳನ್ನು ಬಿಟ್ಟು ಬರೆದರೆ CE ಸಿಗುತ್ತದೆ. ಆದರೆ CE ಆವರಿಸುವ ಎಂಟು ಮನೆಗಳಲ್ಲಿ 0 ಇರುವ 15 ಕೂಡ ಸೇರಿದೆ. ABCDE = 01111 ಬಂದಾಗ ಮಂಡಲ 0 ಬದಲು 1 ಕೊಡುತ್ತದೆ.

ಇದನ್ನು ಹಿಡಿಯಲು ಎಣಿಕೆಯೊಂದು ಸಾಕು. ಗುಂಪಿನಲ್ಲಿ 2 ಮನೆಗಳಿದ್ದರೆ ಒಂದು ಚರ, 4 ಇದ್ದರೆ ಎರಡು, 8 ಇದ್ದರೆ ಮೂರು ಚರಗಳು ಬಿದ್ದುಹೋಗಬೇಕು. 5, 7, 29, 31ರಲ್ಲಿ ಇರುವುದು ನಾಲ್ಕೇ ಮನೆ, ಆದರೆ ಬದಲಾಗುವ ಚರಗಳು A, B, D ಎಂದು ಮೂರು. ಹಾಗಾಗಿ ಅದು ಗುಂಪೇ ಅಲ್ಲ. ಸಂಖ್ಯೆಗಳ ವ್ಯತ್ಯಾಸ 1, 2, 4, 8 ಅಥವಾ 16 ಇದೆ ಎಂಬುದನ್ನಷ್ಟೇ ನಂಬುವಂತಿಲ್ಲ. 7 ಮತ್ತು 8ರ ವ್ಯತ್ಯಾಸ 1 ಆದರೂ ಅವು 00111 ಮತ್ತು 01000, ನಾಲ್ಕು ಬಿಟ್‌ಗಳು ಬೇರೆ. ಬಿಟ್‌ಗಳನ್ನು ಬರೆದು ನೋಡುವುದೇ ಖಚಿತ.

ಮೂರನೆಯದು ನಡುಗೆರೆಯನ್ನು ಓರೆಯಾಗಿ ದಾಟುವ ಗುಂಪು. ನಾಲ್ಕು ಕಂಬಗಳು ಅಕ್ಕಪಕ್ಕ ಇವೆ ಎಂದು 2ರಿಂದ 5ನೆಯ ಕಂಬದವರೆಗೆ ಸುತ್ತುವರಿದರೆ ABC ಬೆಲೆಗಳು 001, 011, 010, 110 ಆಗುತ್ತವೆ. ಇವುಗಳಲ್ಲಿ ಮೂರೂ ಚರಗಳು ಬದಲಾಗುತ್ತವೆ. 3ರಿಂದ 6ನೆಯ ಕಂಬದವರೆಗಿನ ಗುಂಪು ಸರಿ, ಏಕೆಂದರೆ ಅಲ್ಲಿ B ಯಾವಾಗಲೂ 1. ನಡುಗೆರೆ ದಾಟುವ ಗುಂಪಿನ ಎರಡು ಭಾಗಗಳು ಒಂದಕ್ಕೊಂದು ಪೂರ್ಣ ಕನ್ನಡಿಯಾಗಿರಲೇಬೇಕು.

ಡೋಂಟ್ ಕೇರ್ ಇದ್ದಾಗ

ಮೇಲಿನ ಉದಾಹರಣೆಯಲ್ಲಿ 15 ಎಂಬ ಒಳಹರಿವು ಎಂದೂ ಬರುವುದಿಲ್ಲ ಎಂದಾದರೆ ಆ ಮನೆಯಲ್ಲಿ X ಬರೆದು ಅದನ್ನು 1 ಎಂದು ಬಳಸಿಕೊಳ್ಳಬಹುದು. ಆಗ 5, 7, 13, 15, 21, 23, 29, 31 ಸೇರಿ CE ಎಂಬ ಒಂದೇ ಗುಂಪಾಗಿ ಮೂರು ಪದಗಳು ಕರಗಿ ಹೋಗುತ್ತವೆ. F = CE + C'E' ಎಂದರೆ ಎರಡು ಒಳಹರಿವಿನ ಒಂದು ಎಕ್ಸ್‌ನಾರ್ ಗೇಟ್ ಅಷ್ಟೇ. ಎರಡನೆಯ ತಪ್ಪಿನಲ್ಲಿ ಬಂದದ್ದೂ ಇದೇ CE. ಅಲ್ಲಿ 15ರಲ್ಲಿ 0 ಇದ್ದದ್ದರಿಂದ ಅದು ಸಲ್ಲಲಿಲ್ಲ.

ಮಿತಿ

ಆರು ಚರಗಳಿಗೆ 64 ಮನೆಗಳಾಗಿ, ಅಡ್ಡಕ್ಕೊಂದು ಉದ್ದಕ್ಕೊಂದು ಎಂದು ಎರಡು ಕನ್ನಡಿಗಳನ್ನು ಒಟ್ಟಿಗೆ ನೋಡಬೇಕಾಗುತ್ತದೆ. ಅದಕ್ಕೂ ಹೆಚ್ಚಿನ ಚರಗಳಿದ್ದರೆ ಕಣ್ಣಿನಿಂದ ಗುಂಪು ಗುರುತಿಸುವ ಬದಲು, ಬಿಟ್‌ಗಳನ್ನೇ ಹೋಲಿಸಿ ಪಟ್ಟಿ ಮಾಡುವ ಕ್ವೈನ್-ಮೆಕ್‌ಕ್ಲಸ್ಕಿ ವಿಧಾನವನ್ನು ಬಳಸಲಾಗುತ್ತದೆ.