ವೃತ್ತಸಂಚಾರದ ನಿಯಮಗಳು

ಹಲವು ರಸ್ತೆಗಳು ಕೂಡುವಲ್ಲಿ ನಡುವೆ ಒಂದು ದಿಬ್ಬ ಕಟ್ಟಿ, ವಾಹನಗಳೆಲ್ಲ ಅದನ್ನು ಒಂದೇ ದಿಕ್ಕಿನಲ್ಲಿ ಸುತ್ತಿ ತಮಗೆ ಬೇಕಾದ ರಸ್ತೆಗೆ ಹೊರಳುವ ವ್ಯವಸ್ಥೆಯೇ ವೃತ್ತಸಂಚಾರ. ನಮ್ಮಲ್ಲಿ ಸರ್ಕಲ್ ಎಂದೂ ಹೊರದೇಶಗಳಲ್ಲಿ ರೌಂಡಬೌಟ್ ಎಂದೂ ಕರೆಯುತ್ತಾರೆ. ಎಡಬದಿಯಲ್ಲಿ ವಾಹನ ಓಡಿಸುವ ಭಾರತ, ಬ್ರಿಟನ್‌ಗಳಲ್ಲಿ ಸುತ್ತುವುದು ಗಡಿಯಾರದ ಮುಳ್ಳಿನ ದಿಕ್ಕಿಗೆ. ಬಲಬದಿಯಲ್ಲಿ ಓಡಿಸುವ ಅಮೆರಿಕ, ಫ್ರಾನ್ಸ್‌ಗಳಲ್ಲಿ ಅದಕ್ಕೆ ಎದುರು ದಿಕ್ಕಿಗೆ. ವೃತ್ತ ಕಟ್ಟುವುದು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಶುರುವಾಯಿತು. ಆದರೆ ಒಳಗೆ ಬರುವವನು ನಿಲ್ಲಬೇಕೋ, ಒಳಗೆ ಸುತ್ತುತ್ತಿರುವವನು ನಿಲ್ಲಬೇಕೋ ಎಂಬ ಪ್ರಶ್ನೆ ತೀರ್ಮಾನವಾಗಲು ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಇಂದಿನ ಲೇನ್ ನಿಯಮ, ಇಂಡಿಕೇಟರ್ ನಿಯಮ ಎರಡೂ ಆ ತೀರ್ಮಾನದಿಂದಲೇ ಹುಟ್ಟಿದವು.

ನ್ಯೂಯಾರ್ಕ್‌ನ ಕೊಲಂಬಸ್ ಸರ್ಕಲ್‌ನಲ್ಲಿ ಒಂದೇ ದಿಕ್ಕಿನ ಸಂಚಾರ 1905ರಲ್ಲಿ ಜಾರಿಗೆ ಬಂತು. ಅದನ್ನು ಸೂಚಿಸಿದವನು ವಿಲಿಯಂ ಫೆಲ್ಪ್ಸ್ ಈನೋ. ಪ್ಯಾರಿಸ್‌ನಲ್ಲಿ ವಾಸ್ತುಶಿಲ್ಪಿ ಯುಜೀನ್ ಎನಾರ್‌ನ ಸಲಹೆಯಂತೆ ವಿಜಯ ಕಮಾನಿನ ಸುತ್ತಲಿನ ಎತ್ವಾಲ್ ಚೌಕ 1907ರಲ್ಲಿ ಏಕದಿಕ್ಕಿನದಾಯಿತು. ಬ್ರಿಟನ್ನಿನ ಮೊದಲ ವೃತ್ತವೆಂದು ಹೆಸರಾದ ಲೆಚ್‌ವರ್ತ್ ಪಟ್ಟಣದ ಸಾಲರ್‌ಶಾಟ್ ಸರ್ಕಸ್ ಸುಮಾರು 1909ರದು. ಮೊದಮೊದಲು ಅಲ್ಲಿ ಜನ ಯಾವ ಕಡೆಯಿಂದ ಬೇಕಾದರೂ ಸುತ್ತುತ್ತಿದ್ದರು. ಎಡಕ್ಕೇ ಹೋಗಬೇಕೆಂಬ ಫಲಕ ಬಂದದ್ದು 1920ರ ದಶಕದಲ್ಲಿ. ವಾಹನಗಳು ವಿರಳವಾಗಿದ್ದ ಕಾಲ ಅದು. ಯಾರು ಯಾರಿಗೆ ದಾರಿ ಬಿಡಬೇಕು ಎಂಬುದು ಆಗ ತಲೆನೋವೇ ಆಗಿರಲಿಲ್ಲ.

ತಲೆನೋವು ಶುರುವಾದದ್ದು ಅಮೆರಿಕದಲ್ಲಿ. ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕೆಂಬ ಕಾನೂನನ್ನು ವಿಸ್ಕಾನ್ಸಿನ್ ರಾಜ್ಯ 1913ರಲ್ಲಿ ಮಾಡಿತು. ಇತರ ರಾಜ್ಯಗಳೂ ಆ ದಾರಿ ಹಿಡಿದವು. ಸಾಮಾನ್ಯ ಚೌಕದಲ್ಲಿ ಇದರಿಂದ ತೊಂದರೆಯಿಲ್ಲ. ವೃತ್ತದಲ್ಲಿ ಮಾತ್ರ ಇದು ಅನಾಹುತ. ಬಲಬದಿಯಲ್ಲಿ ಓಡಿಸುವ ದೇಶದಲ್ಲಿ, ಒಳಗೆ ಸುತ್ತುತ್ತಿರುವವನ ಬಲಗಡೆಯಿಂದಲೇ ಹೊಸಬರು ನುಗ್ಗುತ್ತಾರೆ. ಹಾಗಾಗಿ ಈ ಕಾನೂನಿನ ಪ್ರಕಾರ ಒಳಗಿರುವವನು ನಿಂತು ಹೊರಗಿನವನನ್ನು ಬಿಟ್ಟುಕೊಳ್ಳಬೇಕು. ನಾಲ್ಕು ರಸ್ತೆಗಳ ಒಂದು ವೃತ್ತದಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. ದಕ್ಷಿಣದಿಂದ ಬಂದವನಿಗೆ ಎದುರಿನ ಉತ್ತರದ ರಸ್ತೆಗೆ ಹೋಗಬೇಕಾಗಿದೆ. ಪೂರ್ವದ ಬಾಯಿಯ ಹತ್ತಿರ ಬಂದಾಗ ಅಲ್ಲಿಂದ ಒಳಬರುವವರಿಗಾಗಿ ಅವನು ನಿಲ್ಲುತ್ತಾನೆ. ಅವನ ಹಿಂದೆ ಸಾಲು ಬೆಳೆದು ದಕ್ಷಿಣದ ನಿರ್ಗಮನದ ಬಾಯಿಯನ್ನು ಮುಚ್ಚುತ್ತದೆ. ಆಗ ದಕ್ಷಿಣಕ್ಕೆ ಹೊರಹೋಗಬೇಕಿದ್ದ ಪಶ್ಚಿಮದವನು ಒಳಗೇ ಸಿಕ್ಕಿಬೀಳುತ್ತಾನೆ. ಅವನ ಬಾಲ ಪಶ್ಚಿಮದ ಬಾಯಿಯನ್ನು ಮುಚ್ಚುತ್ತದೆ. ಹೀಗೆ ಸುತ್ತು ಪೂರ್ತಿಯಾದ ಮೇಲೆ ಹೊರಹೋಗಲು ಯಾರಿಗೂ ಆಗದು. ಒಳಗೆ ಬರುವ ಹಕ್ಕು ಮಾತ್ರ ಎಲ್ಲರಿಗೂ ಇರುತ್ತದೆ. ಪೊಲೀಸರು ಬಂದು ಬಿಡಿಸುವವರೆಗೆ ಈ ಗಂಟು ತಾನಾಗಿ ಬಿಚ್ಚುವುದಿಲ್ಲ. 1950ರ ದಶಕದ ಹೊತ್ತಿಗೆ ಅಮೆರಿಕದ ಎಂಜಿನಿಯರುಗಳು ಹೊಸ ವೃತ್ತ ಕಟ್ಟುವುದನ್ನೇ ಬಹುಮಟ್ಟಿಗೆ ಕೈಬಿಟ್ಟರು. ತಪ್ಪು ಇದ್ದದ್ದು ನಿಯಮದಲ್ಲಿ, ಶಿಕ್ಷೆ ಆದದ್ದು ವೃತ್ತಕ್ಕೆ.

ಬ್ರಿಟನ್‌ನಲ್ಲಿ ಕೆಟ್ಟ ನಿಯಮವೂ ಇರಲಿಲ್ಲ, ಒಳ್ಳೆಯ ನಿಯಮವೂ ಇರಲಿಲ್ಲ. ವಾಹನಗಳು ಹೆಣಿಗೆಯಂತೆ ಒಂದರೊಳಗೊಂದು ಸೇರಿ ಸಾಗುತ್ತವೆಂದು ನಂಬಿ, ಅದಕ್ಕೆ ಸಾಕಷ್ಟು ಉದ್ದ ಸಿಗಲೆಂದು ದೊಡ್ಡ ದೊಡ್ಡ ದಿಬ್ಬಗಳನ್ನು ಕಟ್ಟಿದರು. ಜೆ. ಜಿ. ವಾರ್‌ಡ್ರಾಪ್ 1957ರಲ್ಲಿ ಕೊಟ್ಟ ಸೂತ್ರವು ವೃತ್ತದ ಸಾಮರ್ಥ್ಯವನ್ನು ಲೆಕ್ಕ ಹಾಕುವುದು ಈ ಹೆಣೆಯುವ ಜಾಗದ ಅಗಲ, ಉದ್ದ ಮತ್ತು ಅಲ್ಲಿ ಪಕ್ಕ ಬದಲಿಸುವ ವಾಹನಗಳ ಪಾಲಿನ ಮೇಲೆ. ದಟ್ಟಣೆ ಹೆಚ್ಚಿದಂತೆ ಇಲ್ಲಿಯೂ ವೃತ್ತಗಳು ಕಟ್ಟಿಕೊಳ್ಳತೊಡಗಿದವು. ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಮುಂದೆ ನಿಂತವನು ಸರ್ಕಾರಿ ರಸ್ತೆ ಸಂಶೋಧನಾ ಪ್ರಯೋಗಾಲಯದ ಫ್ರಾಂಕ್ ಬ್ಲ್ಯಾಕ್‌ಮೋರ್. ಒಳಬರುವವನು ಗೆರೆಯ ಬಳಿ ಕಾಯಬೇಕು, ಬಲಗಡೆಯಿಂದ ಸುತ್ತಿ ಬರುವವನಿಗೆ ದಾರಿ ಬಿಡಬೇಕು ಎಂಬ ಏರ್ಪಾಡನ್ನು ನಿಜವಾದ ರಸ್ತೆಗಳಲ್ಲೇ ಪ್ರಯೋಗಿಸಿ ನೋಡಿದರು. 1966ರ ನವೆಂಬರ್‌ನಲ್ಲಿ ಅದು ಬ್ರಿಟನ್ನಿನ ನಿಯಮವಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಬಲಗಡೆಯವನಿಗೆ ದಾರಿ ಬಿಡು ಎಂಬ ಅದೇ ಮಾತು ಅಮೆರಿಕದಲ್ಲಿ ವೃತ್ತವನ್ನು ಕೆಡಿಸಿತು, ಬ್ರಿಟನ್‌ನಲ್ಲಿ ಉಳಿಸಿತು. ಎಡಬದಿಯಲ್ಲಿ ಓಡಿಸುವಾಗ ಒಳಬರುವವನ ಬಲಗಡೆ ಇರುವವನು ವೃತ್ತದೊಳಗೆ ಸುತ್ತುತ್ತಿರುವವನೇ. ಆದ್ದರಿಂದ ಸಾಲು ಹೊರಗಿನ ರಸ್ತೆಯಲ್ಲಿ ಬೆಳೆಯುತ್ತದೆ, ನಿರ್ಗಮನದ ಬಾಯಿ ತೆರೆದೇ ಇರುತ್ತದೆ.

ನಿಯಮ ಬದಲಾದೊಡನೆ ವೃತ್ತದ ಆಕಾರವೂ ಬದಲಾಯಿತು. ಹೆಣೆಯುವ ಜಾಗವೇ ಬೇಡವೆಂದ ಮೇಲೆ ದೊಡ್ಡ ದಿಬ್ಬ ಏಕೆ? ಪ್ರವೇಶದ ಬಾಯಿಯನ್ನು ಅಗಲ ಮಾಡಿ, ಇಬ್ಬರು ಮೂವರು ಅಕ್ಕಪಕ್ಕ ಕಾಯುವಂತೆ ಮಾಡಿದರೆ ಸಾಕು. ಬ್ಲ್ಯಾಕ್‌ಮೋರ್ ದಿಬ್ಬವನ್ನು ಕುಗ್ಗಿಸುತ್ತ ಹೋಗಿ, ಕೊನೆಗೆ ರಸ್ತೆಯ ಮೇಲೆ ಬಳಿದ ಒಂದು ಬಿಳಿ ಬೊಟ್ಟಿಗೆ ತಂದ. ಇದೇ ಕಿರುವೃತ್ತ; 1960ರ ದಶಕದ ಕೊನೆಗೆ ಬಂದದ್ದು. 1972ರಲ್ಲಿ ಸ್ವಿಂಡನ್ ಪಟ್ಟಣದ ಫುಟ್‌ಬಾಲ್ ಮೈದಾನದ ಹತ್ತಿರ ಅವನು ಐದು ಕಿರುವೃತ್ತಗಳನ್ನು ಒಂದು ಸುತ್ತಿನಲ್ಲಿ ಜೋಡಿಸಿದ. ಪ್ರತಿ ಕಿರುವೃತ್ತದಲ್ಲಿ ವಾಹನ ಗಡಿಯಾರದ ದಿಕ್ಕಿಗೆ ಸುತ್ತಿದರೆ, ಅವುಗಳ ನಡುವಿನ ಒಳಸುತ್ತಿನಲ್ಲಿ ಎದುರು ದಿಕ್ಕಿಗೆ. ನೋಡಿದರೆ ತಲೆ ಗಿರ್ರೆನ್ನುತ್ತದೆ. ಆದರೆ ಚಾಲಕ ನೆನಪಿಡಬೇಕಾದ ನಿಯಮ ಒಂದೇ, ಪ್ರತಿ ಬೊಟ್ಟಿನ ಬಳಿ ಬಲಗಡೆಯವನಿಗೆ ದಾರಿ ಬಿಡಬೇಕು.

ದಾರಿ ಬಿಡುವ ಹೊಣೆ ಒಳಬರುವವನ ಮೇಲೆ ಬಿದ್ದ ಮೇಲೆ ಅವನಿಗೆ ಒಂದು ಸಂಗತಿ ತಿಳಿಯಬೇಕಾಯಿತು: ಬಲಗಡೆಯಿಂದ ಬರುತ್ತಿರುವ ಈ ಕಾರು ನನ್ನ ಮುಂದೆ ಹಾಯುತ್ತದೋ, ಅದಕ್ಕೆ ಮೊದಲೇ ಹೊರಳುತ್ತದೋ? ಒಳನುಗ್ಗಲು ಚಾಲಕನಿಗೆ ಎರಡು ವಾಹನಗಳ ನಡುವೆ ಸುಮಾರು ನಾಲ್ಕೈದು ಸೆಕೆಂಡಿನ ಬಿಡುವು ಬೇಕು. ಹೊರಳುವವನು ಅದನ್ನು ಮೊದಲೇ ತಿಳಿಸದಿದ್ದರೆ ಕೈಗೆ ಬಂದ ಬಿಡುವು ವ್ಯರ್ಥವಾಗುತ್ತದೆ. ಇಂಡಿಕೇಟರ್ ನಿಯಮ ಇರುವುದು ಮುಖ್ಯವಾಗಿ ಈ ಕಾಯುವವನಿಗಾಗಿ.

ಬ್ರಿಟನ್ನಿನ ಹೈವೇ ಕೋಡ್ ಇದನ್ನು ಮೂರು ಬಗೆಯಲ್ಲಿ ಹೇಳುತ್ತದೆ. ಮೊದಲ ನಿರ್ಗಮನಕ್ಕೆ ಎಡಕ್ಕೆ ಹೋಗುವವನು ಎಡ ಲೇನ್‌ನಲ್ಲಿ ಬಂದು, ಬರುವಾಗಲೇ ಎಡ ಇಂಡಿಕೇಟರ್ ಹಾಕಿ, ಹಾಗೆಯೇ ಹೊರಳಬೇಕು. ನಡುವಿನ ನಿರ್ಗಮನಕ್ಕೆ ಹೋಗುವವನು ತನಗೆ ತಕ್ಕ ಲೇನ್ ಹಿಡಿಯಬೇಕು. ಬರುವಾಗ ಇಂಡಿಕೇಟರ್ ಬೇಕಿಲ್ಲ. ಬಲಕ್ಕೆ ಹೋಗುವವನು ಅಥವಾ ಪೂರ್ತಿ ಸುತ್ತಿ ಹಿಂದಿರುಗುವವನು ಬಲ ಲೇನ್‌ನಲ್ಲಿ ಬಲ ಇಂಡಿಕೇಟರ್ ಹಾಕಿ ಬರಬೇಕು. ಎರಡನೆಯ, ಮೂರನೆಯ ಬಗೆಯವರು ತಮ್ಮ ನಿರ್ಗಮನಕ್ಕೆ ಮೊದಲಿನದನ್ನು ದಾಟಿದ ಮೇಲೆ ಎಡ ಇಂಡಿಕೇಟರ್ ಹಾಕಬೇಕು.

ದಕ್ಷಿಣದಿಂದ ಬಂದು ಪೂರ್ವಕ್ಕೆ, ಅಂದರೆ ಬಲಕ್ಕೆ, ಹೋಗುವವನನ್ನು ತೆಗೆದುಕೊಳ್ಳೋಣ. ಅವನು ಮೊದಲು ಪಶ್ಚಿಮವನ್ನು, ಆಮೇಲೆ ಉತ್ತರವನ್ನು ದಾಟುತ್ತಾನೆ. ಎರಡೂ ಕಡೆ ಕಾಯುತ್ತಿರುವವರು ಅವನ ಬಲ ಇಂಡಿಕೇಟರ್ ನೋಡಿ ತಡೆದು ನಿಲ್ಲುತ್ತಾರೆ. ಉತ್ತರದ ನಿರ್ಗಮನ ದಾಟಿದೊಡನೆ ಅವನು ಎಡ ಇಂಡಿಕೇಟರ್ ಹಾಕುತ್ತಾನೆ. ಪ್ರತಿ ರಸ್ತೆಯಲ್ಲೂ ಸುತ್ತುವವನಿಗೆ ಮೊದಲು ಸಿಗುವುದು ನಿರ್ಗಮನ, ಆಮೇಲೆ ಪ್ರವೇಶ. ಹಾಗಾಗಿ ಪೂರ್ವದಲ್ಲಿ ಕಾಯುತ್ತಿರುವವನಿಗೆ ಇವನು ತನ್ನ ಮುಂದೆ ಹಾಯುವುದಿಲ್ಲವೆಂದು ಗೊತ್ತಾಗಿ ಅವನು ಹೊರಡುತ್ತಾನೆ. ಇದೇ ಎಡ ಇಂಡಿಕೇಟರನ್ನು ಉತ್ತರದ ನಿರ್ಗಮನಕ್ಕೆ ಮೊದಲೇ ಹಾಕಿದ್ದರೆ? ಉತ್ತರದವನು ಇವನು ಇಲ್ಲೇ ಹೊರಳುತ್ತಾನೆಂದು ನಂಬಿ ಮುಂದೆ ಬಂದು ಪಕ್ಕಕ್ಕೆ ಗುದ್ದುತ್ತಿದ್ದ. ದಾಟಿದ ಮೇಲೆಯೇ ಎಂದು ಕೋಡ್ ಒತ್ತಿ ಹೇಳುವುದು ಇದಕ್ಕೇ. ನಮ್ಮಲ್ಲಿ ಹಲವರು ನೇರ ಹೋಗುವಾಗ ನಾಲ್ಕೂ ದೀಪ ಮಿನುಗಿಸುತ್ತಾರೆ. ಅದು ತಿಳಿವಳಿಕೆಯಲ್ಲ, ಮೋಸ: ಪಕ್ಕದಲ್ಲಿ ಕಾಯುವವನಿಗೆ ಆ ಕಡೆಯ ಒಂದೇ ದೀಪ ಕಾಣುತ್ತದೆ, ಅವನು ಅದನ್ನು ತಿರುವಿನ ಸೂಚನೆ ಎಂದೇ ಓದುತ್ತಾನೆ.

ಲೇನ್ ತಪ್ಪಿದರೆ ಆಗುವ ಕೇಡು ಬೇರೆ ಬಗೆಯದು. ಎಡ ಲೇನ್‌ನಲ್ಲಿ ಬಂದವನೊಬ್ಬ ನೇರ ಹೋಗದೆ ಹೊರ ಅಂಚಿನಲ್ಲೇ ಬಲಕ್ಕೆ ಸುತ್ತುತ್ತ ಹೋದರೆ, ಒಳಲೇನ್‌ನಿಂದ ನ್ಯಾಯವಾಗಿ ಹೊರಬರುತ್ತಿರುವವನ ದಾರಿಗೆ ಅಡ್ಡ ಬೀಳುತ್ತಾನೆ. ಇಬ್ಬರೂ ಕನ್ನಡಿ ನೋಡದಿದ್ದರೆ ಬಾಗಿಲಿಗೆ ಬಾಗಿಲು ಉಜ್ಜುತ್ತದೆ. ಈ ಅಡ್ಡ ಹಾಯುವಿಕೆಯನ್ನೇ ಅಳಿಸಲು ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನ ಎಂಜಿನಿಯರ್ ಲ್ಯಾಂಬರ್ಟಸ್ ಫೋರ್ಟೈನ್ 1990ರ ದಶಕದಲ್ಲಿ ಟರ್ಬೊ ವೃತ್ತವನ್ನು ರೂಪಿಸಿದ. ಅದರ ಲೇನ್‌ಗಳು ಸುರುಳಿಯಾಗಿ ಹೊರಕ್ಕೆ ಬಿಚ್ಚಿಕೊಳ್ಳುತ್ತವೆ, ನಡುವೆ ಎತ್ತರದ ಅಂಚುಪಟ್ಟಿ ಇರುತ್ತದೆ. ವೃತ್ತಕ್ಕೆ ಬರುವ ಮೊದಲೇ ಸರಿಯಾದ ಲೇನ್ ಹಿಡಿಯಬೇಕು. ಒಳಗೆ ಹೊಕ್ಕ ಮೇಲೆ ಲೇನ್ ಬದಲಿಸಲು ಆಗದು.

ದಾರಿ ಬಿಡುವ ನಿಯಮಕ್ಕೂ ಮಿತಿಯಿದೆ. ಬೆಳಗಿನ ಹೊತ್ತು ದಕ್ಷಿಣದಿಂದ ಉತ್ತರಕ್ಕೆ ಎಡೆಬಿಡದ ಸಾಲು ಹೊರಟರೆ, ಪಶ್ಚಿಮದಿಂದ ಬರುವವನಿಗೆ ಬಿಡುವೇ ಸಿಗದು; ನಿಯಮ ಪಾಲಿಸಿದ ತಪ್ಪಿಗೆ ಅವನು ಅಲ್ಲೇ ನಿಂತಿರುತ್ತಾನೆ. ಇಂಥ ಕಡೆ ಬ್ರಿಟನ್‌ನಲ್ಲಿ ದಟ್ಟಣೆಯ ಹೊತ್ತಿಗೆ ಮಾತ್ರ ಉರಿಯುವ ಸಿಗ್ನಲ್ ದೀಪಗಳನ್ನು ಹಾಕುತ್ತಾರೆ.

ಫ್ರಾನ್ಸ್ ಈ ನಿಯಮಕ್ಕೆ ಬಂದದ್ದು 1980ರ ದಶಕದಲ್ಲಿ. ಅದಕ್ಕೆ ಮೊದಲು ಅಲ್ಲಿಯೂ ಬಲಗಡೆಯಿಂದ ಬರುವವನಿಗೇ ಹಕ್ಕಿತ್ತು. ಆಮೇಲೆ ಅಲ್ಲಿ ವೃತ್ತಗಳು ಸಾವಿರಗಟ್ಟಲೆ ಹುಟ್ಟಿಕೊಂಡವು. ಆದರೆ ಹನ್ನೆರಡು ರಸ್ತೆಗಳು ಸೇರುವ ಎತ್ವಾಲ್‌ನಲ್ಲಿ ಹಳೆಯ ಪದ್ಧತಿಯೇ ಉಳಿದಿದೆ. ಅಲ್ಲಿ ಒಳಗಿರುವವನು ಇಂದಿಗೂ ಹೊರಗಿನವನಿಗಾಗಿ ನಿಲ್ಲುತ್ತಾನೆ. ಅಮೆರಿಕದಲ್ಲಿ ಹೊಸ ನಿಯಮದ ಮೊದಲ ವೃತ್ತಗಳು ನೆವಾಡಾದ ಸಮರ್ಲಿನ್‌ನಲ್ಲಿ 1990ರಲ್ಲಿ ಬಂದವು.

ಭಾರತದ ಸ್ಥಿತಿ ವಿಚಿತ್ರ. 1989ರ ರಸ್ತೆ ನಿಯಮಾವಳಿಯಲ್ಲಿ, ನಿಯಂತ್ರಣವಿಲ್ಲದ ಕೂಡುರಸ್ತೆಯಲ್ಲಿ ಮುಖ್ಯರಸ್ತೆಯೆಂದು ಗುರುತಾದದ್ದು ಇಲ್ಲದಿದ್ದರೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂದಿತ್ತು. ನಾವು ಎಡಬದಿಯವರಾದ್ದರಿಂದ ವೃತ್ತಕ್ಕೆ ಬೇಕಾದ ನಿಯಮ ಅದರೊಳಗೇ ಅಡಗಿತ್ತು. ಆದರೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1976ರಲ್ಲಿ ಕೊಟ್ಟ ವಿನ್ಯಾಸ ಕೈಪಿಡಿ ನೆಚ್ಚಿದ್ದು ವಾರ್‌ಡ್ರಾಪ್‌ನ ಹೆಣಿಗೆ ಸೂತ್ರವನ್ನು, ಅಂದರೆ ಬ್ರಿಟನ್ ಅದಾಗಲೇ ಹಿಂದೆ ಬಿಟ್ಟುಬಂದಿದ್ದ ಕಲ್ಪನೆಯನ್ನು. ಎಲ್ಲ ರಸ್ತೆಗಳಿಂದ ಸೇರಿ ಗಂಟೆಗೆ ಸುಮಾರು 3,000 ವಾಹನಗಳವರೆಗೆ ಮಾತ್ರ ವೃತ್ತ ತಾಳುತ್ತದೆಂದು ಅದರ ಲೆಕ್ಕ. ನಮ್ಮ ದೊಡ್ಡ ಊರುಗಳ ಹಲವು ಸರ್ಕಲ್‌ಗಳಲ್ಲಿ ಈಗ ಸಿಗ್ನಲ್ ದೀಪ ನಿಂತಿದೆ. ಹಸಿರು ದೀಪ ಇರುವಷ್ಟು ಹೊತ್ತು ಯಾರು ಹೋಗಬೇಕೆಂದು ಹೇಳುವುದು ಅದೇ. ತಡರಾತ್ರಿ ದೀಪ ಹಳದಿಗೆ ಮಿನುಗತೊಡಗಿದ ಮೇಲೆ, ಅಲ್ಲಿ ಉಳಿಯುವುದು ಬಲಗಡೆ ನೋಡಿ ದಾರಿ ಬಿಡುವ ನಿಯಮ ಮಾತ್ರ.