ನಗದು ಖರ್ಚಿಗೆ ಐಟಿ ನೋಟಿಸ್: ಅಂಗಡಿಯವರು ಏನಂತ ಉತ್ತರ ಬರೀಬೇಕು?

ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ, 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 40ಎ(3) ಪ್ರಕಾರ ಅಷ್ಟೂ ಖರ್ಚನ್ನು ಲೆಕ್ಕಕ್ಕೆ ಹಿಡಿಯಲ್ಲ. ‘ಬಿಲ್ ಅಸಲಿ’ ಅಂತ ಬರೆದರಷ್ಟೇ ಸಾಲದು. ಒಂದೊಂದು ಪಾವತಿಗೂ ಬೇರೆ ಉತ್ತರ ಬೇಕು.

ದಿನಸಿ ಅಂಗಡಿಯೊಂದರ 44,000 ರೂ. ಖರ್ಚಿಗೆ ನೋಟಿಸ್ ಬಂದಿದೆ ಅಂದ್ಕೊಳ್ಳಿ. ಅದರಲ್ಲಿ 18,000 ತೆಂಗಿನಕಾಯಿ ಬೆಳೆದ ರೈತರಿಗೇ ಕೊಟ್ಟಿದ್ದು. ಇದಕ್ಕೆ ನಿಯಮ 6ಡಿಡಿ ಅಡಿ ವಿನಾಯಿತಿ ಇದೆ. ರೈತರ ಸಹಿ ಇರೋ ರಸೀದಿ, ಪಹಣಿ ಲಗತ್ತಿಸಿ. ವ್ಯಾಪಾರಿಯಿಂದ ಕೊಂಡ ಕಾಯಿಗೆ ಈ ವಿನಾಯಿತಿ ಸಿಗಲ್ಲ.

ಸಗಟು ಅಂಗಡಿಯ 14,000 ರೂ. ಬಿಲ್ಲನ್ನು ಎರಡು ದಿನ ತಲಾ 7,000ದಂತೆ ತೀರಿಸಿದ್ದರೆ ಮಿತಿ ದಾಟಿಲ್ಲ. ಆ ದಿನಗಳ ಕ್ಯಾಶ್ ಬುಕ್ ಪುಟ, ವೋಚರ್ ತೋರಿಸಿ. ಈಗ ಕೂತು ಹೊಸ ವೋಚರ್ ಬರೆಯೋಕೆ ಮಾತ್ರ ಹೋಗ್ಬೇಡಿ, ಸಗಟು ಅಂಗಡಿಯ ಲೆಕ್ಕದ ಜೊತೆ ತಾಳೆ ನೋಡಿದರೆ ಸಿಕ್ಕಿಬೀಳ್ತೀರಿ.

ಇನ್ನೊಬ್ಬ ವ್ಯಾಪಾರಿಗೆ ಒಂದೇ ದಿನ ಕೊಟ್ಟ 12,000 ಉಳಿಸೋದು ಕಷ್ಟ.